ಮಾರ್ಚ್ 31ರ ನಂತರ ನಡೆದದ್ದು ಯಾವ ವರ್ಷದ ಲೆಕ್ಕಕ್ಕೆ? ಒಂದು ಮೆಕ್ಕೆಜೋಳ ಕಂಪನಿಯ ಲೆಕ್ಕ ಹಿಡಿದು ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಎಪಿಎಂಸಿ ಸುತ್ತಮುತ್ತಲಿನ ಕಂಪನಿಗಳ ಮಾರ್ಚ್ ಲೆಕ್ಕ ಅಂತಿಮ ಆಗೋದು ಸಾಮಾನ್ಯವಾಗಿ ಜುಲೈ, ಆಗಸ್ಟ್‌ನಲ್ಲಿ. ಅಷ್ಟೊತ್ತಿಗೆ ಮಾಲೀಕರಿಗೆ ಇನ್ನೂ ನಾಲ್ಕೈದು ತಿಂಗಳ ಸುದ್ದಿ ಗೊತ್ತಿರುತ್ತದೆ. ಯಾವ ಪಾರ್ಟಿ ಕೈ ಎತ್ತಿತು, ಯಾವ ಮಾಲು ಎಷ್ಟಕ್ಕೆ ಹೋಯಿತು, ಯಾವ ಕೇಸಿನಲ್ಲಿ ತೀರ್ಪು ಬಂತು, ಎಲ್ಲವೂ. ಈ ಸುದ್ದಿಯಲ್ಲಿ ಯಾವುದನ್ನು ಮಾರ್ಚ್ ಲೆಕ್ಕದೊಳಗೆ ಸೇರಿಸಬೇಕು, ಯಾವುದನ್ನು ಬರೀ ಟಿಪ್ಪಣಿಯಲ್ಲಿ ತಿಳಿಸಬೇಕು, ಯಾವುದನ್ನು ಮುಟ್ಟಲೇಬಾರದು ಎನ್ನುವುದೇ ಇಲ್ಲಿನ ವಿಷಯ.

ನಿಯಮ ಇರುವುದು ಎಎಸ್ 4 ಎಂಬ ಲೆಕ್ಕಪತ್ರ ಮಾನದಂಡದಲ್ಲಿ. ಲಿಸ್ಟ್ ಆದ ಕಂಪನಿಗಳು ಮತ್ತು 250 ಕೋಟಿ ಅಥವಾ ಅದಕ್ಕಿಂತ ಹೆಚ್ಚು ನೆಟ್‌ವರ್ತ್ ಇರುವ ಕಂಪನಿಗಳು ಸಾಮಾನ್ಯವಾಗಿ ಇಂಡ್ ಎಎಸ್ 10 ನೋಡಬೇಕು. ನಮ್ಮ ಕಡೆಯ ಹೆಚ್ಚಿನ ಕಂಪನಿಗಳಿಗೆ ಎಎಸ್ 4 ಸಾಕು. ಮೂಲ ತರ್ಕ ಎರಡರಲ್ಲೂ ಒಂದೇ.

ಉದಾಹರಣೆಗೆ ದಾವಣಗೆರೆಯ ಒಂದು ಮೆಕ್ಕೆಜೋಳ ವ್ಯಾಪಾರದ ಪ್ರೈವೇಟ್ ಲಿಮಿಟೆಡ್ ಕಂಪನಿ ಅಂತ ಇಟ್ಟುಕೊಳ್ಳೋಣ. ಕಂಪನಿಯೂ ಅದರ ಅಂಕಿಗಳೂ ವಿವರಣೆಗಾಗಿ ಮಾಡಿಕೊಂಡವು. 2024-25ರ ಕರಡು ಲೆಕ್ಕದಲ್ಲಿ ತೆರಿಗೆಗೆ ಮುಂಚಿನ ಲಾಭ 42 ಲಕ್ಷ ರೂಪಾಯಿ. ಡೈರೆಕ್ಟರುಗಳು ಸಭೆ ಸೇರಿ ಲೆಕ್ಕ ಒಪ್ಪುವುದು 2025ರ ಆಗಸ್ಟ್ 25ಕ್ಕೆ.

ಮೊದಲು ಎರಡು ದಿನಾಂಕ ಬರೆದುಕೊಳ್ಳಿ

ಒಂದು, ವರ್ಷ ಮುಗಿದ ದಿನ: 31-3-2025. ಇನ್ನೊಂದು, ಡೈರೆಕ್ಟರುಗಳ ಮಂಡಳಿ ಲೆಕ್ಕ ಒಪ್ಪುವ ದಿನ: 25-8-2025. ಇವೆರಡರ ನಡುವೆ ನಡೆದದ್ದು ಮಾತ್ರ ಈ ನಿಯಮದೊಳಗೆ ಬರುತ್ತದೆ.

ಎರಡನೇ ದಿನಾಂಕದಲ್ಲಿ ಗೊಂದಲ ಜಾಸ್ತಿ. ಅದು ಸೆಪ್ಟೆಂಬರಿನ ವಾರ್ಷಿಕ ಸಭೆಯ ದಿನ ಅಲ್ಲ, ರಿಟರ್ನ್ ಹಾಕಿದ ದಿನವೂ ಅಲ್ಲ. ಮಂಡಳಿ ಒಪ್ಪಿದ ದಿನ. ಪಾಲುದಾರಿಕೆ ಸಂಸ್ಥೆಯಾದರೆ ಪಾಲುದಾರರು ಲೆಕ್ಕ ಒಪ್ಪಿದ ದಿನ. ಒಪ್ಪುವುದು ತಡವಾದಷ್ಟೂ ಈ ಅವಧಿ ಉದ್ದವಾಗುತ್ತದೆ, ನೀವು ನೋಡಬೇಕಾದ ಘಟನೆಗಳೂ ಹೆಚ್ಚುತ್ತವೆ.

ಆಮೇಲೆ ಘಟನೆಗಳನ್ನು ಹುಡುಕಿ

"ಏನಾದ್ರೂ ವಿಶೇಷ ಆಯ್ತಾ ಸರ್?" ಅಂತ ಮಾಲೀಕರನ್ನು ಕೇಳಿದರೆ "ಏನಿಲ್ಲ ಬಿಡಿ" ಎನ್ನುವ ಉತ್ತರವೇ ಬರೋದು. ಮುಚ್ಚಿಡಬೇಕು ಅಂತಲ್ಲ, ಯಾವುದು ಲೆಕ್ಕಕ್ಕೆ ಮುಖ್ಯ ಅಂತ ಅವರಿಗೆ ಹೊಳೆದಿರುವುದಿಲ್ಲ. ಅದಕ್ಕೇ ಕಾಗದ ಹಿಡಿದು ಹುಡುಕಬೇಕು.

ಏಪ್ರಿಲ್‌ನಿಂದ ಇವತ್ತಿನವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ. ಮಾರ್ಚ್ 31ಕ್ಕೆ ಬಾಕಿ ಇದ್ದ ಒಂದೊಂದು ದೊಡ್ಡ ಪಾರ್ಟಿಯ ಹೆಸರಿನ ಮುಂದೆ, ದುಡ್ಡು ಬಂದಿದೆಯಾ, ಯಾವತ್ತು ಬಂತು, ಚೆಕ್ ವಾಪಸ್ ಆಗಿದೆಯಾ ಅಂತ ಗುರುತು ಹಾಕಿ. ಬಾರದ ಹೆಸರುಗಳನ್ನು ಹಿಡಿದು ಮಾಲೀಕರ ಹತ್ತಿರ ಹೋಗಿ. "ಈ ಪಾರ್ಟಿ ಯಾಕೆ ಕೊಟ್ಟಿಲ್ಲ?" ಅಂತ ಹೆಸರು ಹೇಳಿ ಕೇಳಿದಾಗ ಕಥೆ ತಾನಾಗಿ ಹೊರಬರುತ್ತದೆ. ಹಾಗೆಯೇ ಏಪ್ರಿಲ್, ಮೇ ತಿಂಗಳ ಮಾರಾಟದ ಬಿಲ್‌ಗಳಲ್ಲಿ ರೇಟು ನೋಡಿ, ವಕೀಲರಿಂದ ಬಂದ ಪತ್ರ ನೋಡಿ, ಮಂಡಳಿ ಸಭೆಯ ನಡಾವಳಿ ಓದಿ. ನಮ್ಮ ಕಂಪನಿಯಲ್ಲಿ ಹೀಗೆ ಹುಡುಕಿದಾಗ ಸಿಕ್ಕವು ಇಷ್ಟು: ಎರಡು ಬಾಕಿ, ಒಂದು ದಾಸ್ತಾನು, ಒಂದು ಕೋರ್ಟ್ ತೀರ್ಪು, ಒಂದು ಡಿವಿಡೆಂಡ್.

ಎಲ್ಲದಕ್ಕೂ ಕೇಳುವ ಪ್ರಶ್ನೆ ಒಂದೇ

ಈ ನಷ್ಟಕ್ಕೆ ಕಾರಣವಾದ ಪರಿಸ್ಥಿತಿ ಮಾರ್ಚ್ 31ರಂದು ಆಗಲೇ ಇತ್ತಾ?

ಇತ್ತು, ಆದರೆ ನಮಗೆ ಗೊತ್ತಾದದ್ದು ಆಮೇಲೆ ಅಂತಾದರೆ ಅದು ಅಡ್ಜಸ್ಟಿಂಗ್ ಘಟನೆ. ಮಾರ್ಚ್ ಲೆಕ್ಕದ ಅಂಕಿಯನ್ನೇ ತಿದ್ದಬೇಕು. ಪರಿಸ್ಥಿತಿ ಹುಟ್ಟಿದ್ದೇ ಏಪ್ರಿಲ್ 1ರ ನಂತರ ಅಂತಾದರೆ ಅದು ನಾನ್-ಅಡ್ಜಸ್ಟಿಂಗ್. ಅಂಕಿ ಮುಟ್ಟುವಂತಿಲ್ಲ. ದೊಡ್ಡದಾಗಿದ್ದರೆ ತಿಳಿಸಬೇಕು, ಸಣ್ಣದಾಗಿದ್ದರೆ ಬಿಡಬಹುದು.

ಸುದ್ದಿ ಯಾವಾಗ ಬಂತು ಎನ್ನುವುದು ಇಲ್ಲಿ ಮುಖ್ಯವಲ್ಲ. ನಷ್ಟ ಎಷ್ಟು ಖಚಿತ ಎನ್ನುವುದೂ ಮುಖ್ಯವಲ್ಲ. ಬೇರು ಯಾವ ದಿನಾಂಕದ ಹಿಂದಿದೆ ಎನ್ನುವುದಷ್ಟೇ ಮುಖ್ಯ. ಮುಂದಿನ ಎರಡು ಬಾಕಿಗಳಲ್ಲಿ ಇದು ಸ್ಪಷ್ಟವಾಗುತ್ತದೆ.

ಎರಡು ಬಾಕಿ, ಎರಡು ತೀರ್ಮಾನ

ಮೊದಲನೆಯದು ಒಂದು ಕೋಳಿ ಆಹಾರ ಕಾರ್ಖಾನೆ. ನವೆಂಬರ್, ಡಿಸೆಂಬರ್‌ನಲ್ಲಿ 45 ದಿನದ ಉದ್ರಿ ಮೇಲೆ ಮೆಕ್ಕೆಜೋಳ ತಗೊಂಡಿದೆ. ಮಾರ್ಚ್ 31ಕ್ಕೆ ಬಾಕಿ 18 ಲಕ್ಷ. ಕರಡು ಲೆಕ್ಕದಲ್ಲಿ ಪೂರ್ತಿ 18 ಲಕ್ಷವನ್ನೂ ಬರುವ ಹಣ ಅಂತಲೇ ತೋರಿಸಿದ್ದಾರೆ. ಜೂನ್ 12ಕ್ಕೆ ಆ ಪಾರ್ಟಿಯಿಂದ ಪತ್ರ ಬಂತು: ಕಾರ್ಖಾನೆ ನಿಲ್ಲಿಸಿದ್ದೇವೆ, ರೂಪಾಯಿಗೆ 30 ಪೈಸೆಯಂತೆ ಕೊಟ್ಟು ಚುಕ್ತಾ ಮಾಡುತ್ತೇವೆ. ಜುಲೈನಲ್ಲಿ ಅದಕ್ಕೇ ಒಪ್ಪಂದ ಆಯಿತು. ಅಂದರೆ ಬರೋದು 5.4 ಲಕ್ಷ, ಹೋಗೋದು 12.6 ಲಕ್ಷ.

ಪತ್ರದ ದಿನಾಂಕ ನೋಡಿದರೆ ಇದು ಜೂನ್ ತಿಂಗಳ ಘಟನೆ. ಆದರೆ ಲೆಡ್ಜರ್ ತೆಗೆದು ನೋಡಿ. ಕೊಡುವ ಗಡುವು ಫೆಬ್ರುವರಿಯೊಳಗೇ ಮುಗಿದಿದೆ. ಫೆಬ್ರುವರಿಯಲ್ಲಿ ಕೊಟ್ಟ ಚೆಕ್ ದುಡ್ಡಿಲ್ಲ ಅಂತ ವಾಪಸ್ ಬಂದಿದೆ. ಮಾರ್ಚ್‌ನಲ್ಲಿ ಮಾಲು ಕೊಡೋದನ್ನು ನಮ್ಮವರೇ ನಿಲ್ಲಿಸಿದ್ದಾರೆ. ಪಾರ್ಟಿ ಸೋತಿದ್ದು ಮಾರ್ಚ್ 31ಕ್ಕಿಂತ ಮುಂಚೆ. ಜೂನ್ ಪತ್ರ ಹೊಸ ನಷ್ಟ ತರಲಿಲ್ಲ, ಆಗಲೇ ಇದ್ದ ನಷ್ಟದ ಅಳತೆ ಹೇಳಿತು. ಇದು ಅಡ್ಜಸ್ಟಿಂಗ್. 31-3-2025ರ ದಿನಾಂಕದಲ್ಲಿ ಹೀಗೆ ಎಂಟ್ರಿ ಬೀಳಬೇಕು:

ಸಂದೇಹಾಸ್ಪದ ಬಾಕಿಯ ವೆಚ್ಚ ಖಾತೆ, ಡೆಬಿಟ್ ರೂ. 12,60,000
ಸಂದೇಹಾಸ್ಪದ ಬಾಕಿಗೆ ಪ್ರಾವಿಷನ್ ಖಾತೆ, ಕ್ರೆಡಿಟ್ ರೂ. 12,60,000

ಪಾರ್ಟಿ ಖಾತೆಯನ್ನೇ ಯಾಕೆ ಹೊಡೆದುಹಾಕಬಾರದು? ಮಾರ್ಚ್ 31ರಂದು ಒಪ್ಪಂದ ಆಗಿರಲಿಲ್ಲ. ಅವತ್ತು ನಮಗೆ ಕಾನೂನಿನ ಪ್ರಕಾರ ಪೂರ್ತಿ 18 ಲಕ್ಷ ಕೇಳುವ ಹಕ್ಕಿತ್ತು. ಅದಕ್ಕೇ ಪ್ರಾವಿಷನ್. ಒಪ್ಪಂದದ ನಂತರ 2025-26ರಲ್ಲಿ ಆ ಪ್ರಾವಿಷನ್‌ನಿಂದಲೇ ಬಾಕಿಯನ್ನು ತೊಡೆಯಬಹುದು. ಆದಾಯ ತೆರಿಗೆಯಲ್ಲಿ ಒಂದು ವ್ಯತ್ಯಾಸ ಇದೆ, ಮರೀಬೇಡಿ. ಬರೀ ಪ್ರಾವಿಷನ್‌ಗೆ ತೆರಿಗೆ ಲೆಕ್ಕದಲ್ಲಿ ಕಡಿತ ಸಿಗುವುದಿಲ್ಲ. ಬಾಕಿಯನ್ನು ಪುಸ್ತಕದಲ್ಲಿ ನಿಜವಾಗಿ ತೊಡೆದ ವರ್ಷಕ್ಕೆ ಅದು ಸಿಗುತ್ತದೆ.

ಎರಡನೆಯದು ಇನ್ನೊಂದು ಕಾರ್ಖಾನೆ. ಮಾರ್ಚ್ 10ಕ್ಕೆ ಮಾಲು ಹೋಗಿದೆ, ಬಾಕಿ 9 ಲಕ್ಷ. ಹಲವು ವರ್ಷಗಳಿಂದ ಗಡುವಿನೊಳಗೆ ಕೊಡುತ್ತಾ ಬಂದ ಪಾರ್ಟಿ. ಮೇ 4ಕ್ಕೆ ಅವರ ಕಾರ್ಖಾನೆಗೆ ಬೆಂಕಿ ಬಿತ್ತು. ವಿಮೆ ಇರಲಿಲ್ಲ. ಮಷಿನ್, ಮಾಲು ಎರಡೂ ಹೋಯಿತು. ಅಂದಾಜು 8 ಲಕ್ಷ ಬರೋದಿಲ್ಲ ಅಂತ ಆಗಸ್ಟ್ ಹೊತ್ತಿಗೆ ಎಲ್ಲರಿಗೂ ಗೊತ್ತು.

ಮಾಲೀಕರು ಇಲ್ಲಿ ಕೇಳುವ ಪ್ರಶ್ನೆ ನ್ಯಾಯವಾದದ್ದೇ: "ದುಡ್ಡು ಬರಲ್ಲ ಅಂತ ಖಾತ್ರಿ ಆದ್ಮೇಲೂ ಬಾಕಿ ಅಂತ ತೋರಿಸೋದು ಸುಳ್ಳು ಲೆಕ್ಕ ಆಗಲ್ವಾ?" ಆಗೋದಿಲ್ಲ. ಬ್ಯಾಲೆನ್ಸ್ ಶೀಟ್ ಹೇಳುವುದು ಮಾರ್ಚ್ 31ರ ಸ್ಥಿತಿ. ಅವತ್ತು ಆ ಪಾರ್ಟಿ ಗಟ್ಟಿಯಾಗಿಯೇ ಇತ್ತು, 9 ಲಕ್ಷವೂ ಬರುವ ಹಣವೇ ಆಗಿತ್ತು. ಬೆಂಕಿ ಬಿದ್ದದ್ದು 2025-26ರಲ್ಲಿ, ನಷ್ಟವೂ ಆ ವರ್ಷದ್ದು. ಈಗ ಅಂಕಿ ಮುಟ್ಟದೆ, ಘಟನೆಯನ್ನು ತಿಳಿಸಿ ಮುಂದೆ ಹೋಗಬೇಕು.

ಇದೇ ಪಾರ್ಟಿ ಜನವರಿಯಿಂದಲೇ ಚೆಕ್ ಬೌನ್ಸ್ ಮಾಡುತ್ತಿದ್ದು, ಆಮೇಲೆ ಬೆಂಕಿ ಬಿದ್ದಿದ್ದರೆ? ಆಗ ಮಾರ್ಚ್ 31ರಂದೇ ಎಷ್ಟು ಬರುವುದು ಸಂದೇಹವಿತ್ತು ಅಂತ ಬೆಂಕಿಯ ವಿಷಯ ಬದಿಗಿಟ್ಟು ಅಂದಾಜು ಮಾಡಿ. ಅಷ್ಟಕ್ಕೆ ಪ್ರಾವಿಷನ್ ಬೇಕು. ಬೆಂಕಿಯಿಂದ ಹೆಚ್ಚಾದ ನಷ್ಟ ಮುಂದಿನ ವರ್ಷಕ್ಕೆ. ಇಂಥ ಬೆರಕೆ ಪ್ರಕರಣಗಳಲ್ಲಿ ಬೆಂಕಿಯ ಮೇಲೆ ಎಲ್ಲಾ ಹಾಕಿ ಮಾರ್ಚ್ ಲಾಭ ಉಳಿಸಿಕೊಳ್ಳುವ ಆಸೆ ಬರುತ್ತದೆ. ವಾಪಸ್ ಬಂದ ಚೆಕ್‌ಗಳ ಬ್ಯಾಂಕ್ ಮೆಮೊ ಮುಂದಿಟ್ಟುಕೊಂಡು ಕೂತರೆ ಆ ವಾದ ನಿಲ್ಲುವುದಿಲ್ಲ.

ಅಡ್ಜಸ್ಟ್‌ಮೆಂಟ್ ಅಂದರೆ ಯಾವಾಗಲೂ ನಷ್ಟದ ಕಡೆಗೇ ಅಂತಿಲ್ಲ. ಬರುತ್ತೋ ಇಲ್ಲವೋ ಅಂತ 3 ಲಕ್ಷ ಪ್ರಾವಿಷನ್ ಮಾಡಿಟ್ಟ ಹಳೇ ಬಾಕಿ ಮೇ ತಿಂಗಳಲ್ಲಿ ಪೂರ್ತಿ ಬಂದುಬಿಟ್ಟರೆ, ಅದು ಮಾರ್ಚ್ 31ರಂದೂ ಒಳ್ಳೆಯ ಬಾಕಿಯೇ ಆಗಿತ್ತು ಎನ್ನುವುದಕ್ಕೆ ಪುರಾವೆ. ಕರಡಿನಲ್ಲಿರುವ ಪ್ರಾವಿಷನ್ ತೆಗೆಯಬೇಕು.

ದಾಸ್ತಾನು: ಒಂದೇ ಗೋದಾಮಿನಲ್ಲಿ ಎರಡು ಥರ

ಮಾರ್ಚ್ 31ಕ್ಕೆ ಗೋದಾಮಿನಲ್ಲಿ 2,000 ಕ್ವಿಂಟಾಲ್ ಮೆಕ್ಕೆಜೋಳ. ಕೊಂಡ ಖರ್ಚು ಕ್ವಿಂಟಾಲಿಗೆ 2,300, ಒಟ್ಟು 46 ಲಕ್ಷ. ದಾಸ್ತಾನಿಗೆ ನಿಯಮ ಗೊತ್ತಿರುವುದೇ: ಕೊಂಡ ಬೆಲೆ ಅಥವಾ ಮಾರಿದರೆ ಖರ್ಚು ಕಳೆದು ಕೈಗೆ ಬರುವ ಬೆಲೆ, ಯಾವುದು ಕಡಿಮೆಯೋ ಅದು. ಎರಡನೆಯ ಬೆಲೆಯನ್ನು ಅಂದಾಜು ಮಾಡುವಾಗಲೇ ವರ್ಷದ ನಂತರದ ಮಾರಾಟ ನೆರವಿಗೆ ಬರುವುದು.

ಇದರಲ್ಲಿ 400 ಕ್ವಿಂಟಾಲ್ ಗೋಡೆ ಬದಿಯ ಚೀಲಗಳು. ಏಪ್ರಿಲ್ 22ಕ್ಕೆ ಬಿಚ್ಚಿದಾಗ ಕಾಳಿಗೆ ಬೂಷ್ಟು ಹಿಡಿದಿತ್ತು. ಕೋಳಿ ಆಹಾರಕ್ಕೆ ಯಾರೂ ತಗೊಳ್ಳಲಿಲ್ಲ. ಬೇರೆ ಬಳಕೆಯವರಿಗೆ 1,500ಕ್ಕೆ ಹೋಯಿತು. ಹಮಾಲಿ, ಲಾರಿ ಬಾಡಿಗೆ 50 ಕಳೆದರೆ ಕೈಗೆ ಬಂದದ್ದು 1,450.

ಬೂಷ್ಟು ಹಿಡಿದದ್ದು ಯಾವಾಗ? ಮೆಕ್ಕೆಜೋಳವನ್ನು ಶೇಕಡಾ 14ರ ಆಸುಪಾಸಿನ ತೇವಾಂಶಕ್ಕೆ ಒಣಗಿಸಿ ಇಡಬೇಕು. ಅದಕ್ಕಿಂತ ಹಸಿ ಇದ್ದರೆ ಬೂಷ್ಟು ಬೆಳೆಯುತ್ತದೆ. ಖರೀದಿ ಸಮಯದ ತೇವಾಂಶದ ಚೀಟಿ ನೋಡಿದರೆ ಈ ಲಾಟ್ 17 ಇತ್ತು, ಒಣಗಿಸಿದ ದಾಖಲೆ ಇಲ್ಲ. ಮಾರ್ಚ್ ಮೂರನೇ ವಾರ ಒಬ್ಬ ಖರೀದಿದಾರ ಇದೇ ಲಾಟಿನ ಸ್ಯಾಂಪಲ್ ವಾಪಸ್ ಕಳಿಸಿದ ಮೆಸೇಜ್ ಕೂಡ ಗುಮಾಸ್ತರ ಮೊಬೈಲಿನಲ್ಲಿ ಸಿಕ್ಕಿತು. ಮಾಲು ಕೆಟ್ಟದ್ದು ಮಾರ್ಚ್ 31ರೊಳಗೆ. ಕ್ವಿಂಟಾಲಿಗೆ 850ರಂತೆ 3.4 ಲಕ್ಷ ದಾಸ್ತಾನಿನ ಬೆಲೆ ಇಳಿಸಬೇಕು. ಅಡ್ಜಸ್ಟಿಂಗ್.

ಉಳಿದ 1,600 ಕ್ವಿಂಟಾಲ್ ಒಳ್ಳೆ ಮಾಲು. ಮಾರ್ಚ್ ಕೊನೆಗೆ ಯಾರ್ಡ್‌ನಲ್ಲಿ ರೇಟು 2,400. ಏಪ್ರಿಲ್, ಮೇ ಪೂರ್ತಿ ಅದೇ ಸುತ್ತಮುತ್ತ ನಿಂತಿತ್ತು. ಜೂನ್ ಮಧ್ಯದಲ್ಲಿ ಬೇಡಿಕೆ ಬಿದ್ದು ರೇಟು ಇಳಿಯಿತು. ಜುಲೈನಲ್ಲಿ ಇವರು 2,150ಕ್ಕೆ ಮಾರಿದರು. ಖರ್ಚು ಕಳೆದರೆ 2,100, ಅಂದರೆ ಕೊಂಡ ಬೆಲೆಗಿಂತ ಕಡಿಮೆ. ಒಟ್ಟು 3.2 ಲಕ್ಷ ನಷ್ಟ. ಆದರೂ ಮಾರ್ಚ್ ಲೆಕ್ಕದಲ್ಲಿ ಇದು 2,300ರಲ್ಲೇ ಇರಬೇಕು. ಯಾಕೆಂದರೆ ಮಾರ್ಚ್ 31ರ ಮಾರುಕಟ್ಟೆಯಲ್ಲಿ ಖರ್ಚು ಕಳೆದು 2,350 ಸಿಗುತ್ತಿತ್ತು, ರೇಟು ಬಿದ್ದದ್ದು ಎರಡೂವರೆ ತಿಂಗಳ ನಂತರದ ಬೆಳವಣಿಗೆ.

ಇದೇ ಮಾಲು ಏಪ್ರಿಲ್ ಮೊದಲ ವಾರದಲ್ಲೇ 2,150ಕ್ಕೆ ಹೋಗಿದ್ದರೆ ನಾನು ಬೇರೆ ಥರ ಯೋಚಿಸುತ್ತಿದ್ದೆ. ನಡುವೆ ಹೊಸದೇನೂ ನಡೆಯದೆ ನಾಲ್ಕೈದು ದಿನದಲ್ಲಿ ಆ ಬೆಲೆಗೆ ಮಾರಿದ್ದಾರೆ ಅಂದರೆ, ಮಾರ್ಚ್ 31ರಂದು ಆ ಮಾಲಿನ ಬೆಲೆಯೂ ಬಹುಶಃ ಅಷ್ಟೇ. ಎಷ್ಟು ದಿನದೊಳಗಿನ ಮಾರಾಟ ಪುರಾವೆ ಅಂತ ಮಾನದಂಡ ಗೆರೆ ಎಳೆದಿಲ್ಲ. ಇಳಿಕೆಗೆ ಕಾರಣ ಏನು, ಅದು ಯಾವಾಗ ಶುರುವಾಯಿತು ಅಂತ ನೋಡಿ ನೀವೇ ನಿರ್ಧರಿಸಬೇಕು. ಹಾಗೆ ನಿರ್ಧರಿಸಿದ್ದನ್ನು ಯಾರ್ಡಿನ ದಿನದ ರೇಟಿನ ಸಮೇತ ಫೈಲಿನಲ್ಲಿ ಬರೆದಿಡಿ.

ದಾಸ್ತಾನಿನಲ್ಲಿ ಪದೇ ಪದೇ ಕಾಣುವ ಒಂದು ತಪ್ಪಿದೆ. ಏಪ್ರಿಲ್ 22ರ ಮಾರಾಟವನ್ನೇ ಮಾರ್ಚ್‌ಗೆ ಎಳೆದು ತರುತ್ತಾರೆ. ಹಾಗಲ್ಲ. ಮಾರಾಟ ಏಪ್ರಿಲ್‌ನದ್ದೇ, ಬಿಲ್ಲೂ ಅಲ್ಲೇ ಇರಲಿ. ಮಾರ್ಚ್‌ನಲ್ಲಿ ಬದಲಾಗೋದು ಆಖೈರು ದಾಸ್ತಾನಿನ ಬೆಲೆ ಮಾತ್ರ. ಸರಿ ಮಾಡಿದ್ದೀರಾ ಅಂತ ತಿಳಿಯಲು ಹೊಸ ವರ್ಷದ ಕಡೆ ನೋಡಿ: ಆ 400 ಕ್ವಿಂಟಾಲ್ 1,450ರಲ್ಲಿ ಶುರುವಾಗಿ, 50 ಖರ್ಚಾಗಿ, 1,500ಕ್ಕೆ ಹೋಗಿದೆ. 2025-26ರಲ್ಲಿ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಲ್ಲಿ ದೊಡ್ಡ ನಷ್ಟ ಉಳಿದಿದ್ದರೆ ಮಾರ್ಚ್ ತಿದ್ದುಪಡಿ ಬಿದ್ದಿಲ್ಲ ಅಂತ ಅರ್ಥ.

ಬ್ಯಾಂಕಿಗೆ ಕೊಟ್ಟ ಮಾರ್ಚ್ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ 46 ಲಕ್ಷ ಅಂತಲೇ ಇರುತ್ತದೆ. ಈಗ ಪುಸ್ತಕದಲ್ಲಿ 42.6 ಲಕ್ಷ. ದಾಸ್ತಾನಿನ ಮೇಲೆ ಸಾಲ ಪಡೆದ ಕಂಪನಿ ತ್ರೈಮಾಸಿಕ ಸ್ಟೇಟ್‌ಮೆಂಟಿಗೂ ಪುಸ್ತಕಕ್ಕೂ ಇರುವ ಈ ಥರದ ವ್ಯತ್ಯಾಸವನ್ನು, ಕಾರಣದ ಸಮೇತ, ಲೆಕ್ಕದ ಟಿಪ್ಪಣಿಯಲ್ಲಿ ತೋರಿಸಬೇಕು. ಕೇಳಿಸಿಕೊಳ್ಳುವ ತನಕ ಕಾಯಬೇಡಿ, ಬ್ಯಾಂಕಿಗೂ ಮೊದಲೇ ತಿಳಿಸಿ.

ಉಳಿದವು

ಕೋರ್ಟ್ ತೀರ್ಪು ಸುಲಭ. 2024ರ ಡಿಸೆಂಬರ್‌ನಲ್ಲಿ ಮಾಲು ಇಳಿಸುವಾಗ ಹಮಾಲರೊಬ್ಬರಿಗೆ ಪೆಟ್ಟಾಗಿ ಪರಿಹಾರದ ಕೇಸ್ ನಡೆಯುತ್ತಿತ್ತು. ಕರಡಿನಲ್ಲಿ 2 ಲಕ್ಷ ಪ್ರಾವಿಷನ್ ಇದೆ. ಜುಲೈನಲ್ಲಿ 3.5 ಲಕ್ಷ ಕೊಡಲು ಆದೇಶವಾಯಿತು, ಕಂಪನಿ ಒಪ್ಪಿಕೊಂಡಿತು. ಅಪಘಾತ ಹಳೇ ವರ್ಷದ್ದು, ಹಾಗಾಗಿ ಇನ್ನೂ 1.5 ಲಕ್ಷ ಮಾರ್ಚ್‌ಗೇ ಸೇರಬೇಕು. ಅಪಘಾತವೇ ಏಪ್ರಿಲ್‌ನಲ್ಲಿ ಆಗಿದ್ದರೆ ಮಾರ್ಚ್ ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಡಿವಿಡೆಂಡ್: ಆಗಸ್ಟ್ 25ರ ಸಭೆಯಲ್ಲೇ ಮಂಡಳಿ 5 ಲಕ್ಷ ಡಿವಿಡೆಂಡ್ ಶಿಫಾರಸು ಮಾಡಲಿದೆ. ಹಿಂದೆ ಇದನ್ನು ಮಾರ್ಚ್ 31ರ ಹೊಣೆ ಅಂತ ತೋರಿಸುತ್ತಿದ್ದರು. 2016ರಲ್ಲಿ ಎಎಸ್ 4 ತಿದ್ದುಪಡಿ ಆದ ಮೇಲೆ ಹಾಗಿಲ್ಲ, ಟಿಪ್ಪಣಿಯಲ್ಲಿ ತಿಳಿಸಿದರೆ ಸಾಕು. ಹಳೇ ಫಾರ್ಮ್ಯಾಟ್ ಕಾಪಿ ಮಾಡುವವರು ಇವತ್ತಿಗೂ ಇಲ್ಲಿ ಎಡವುತ್ತಾರೆ.

ಮೇಲಿನ ನಿಯಮಕ್ಕೆ ಒಂದು ದೊಡ್ಡ ಅಪವಾದ ಇದೆ. ವರ್ಷದ ನಂತರದ ಘಟನೆಯಿಂದ ಕಂಪನಿ ಮುಂದುವರಿಯುವುದೇ ಸಾಧ್ಯವಿಲ್ಲ ಅಂತಾದರೆ, ಅದು ಏಪ್ರಿಲ್ ನಂತರದ್ದೇ ಆದರೂ, ಮಾರ್ಚ್ ಲೆಕ್ಕವನ್ನು ನಡೆಯುತ್ತಿರುವ ವ್ಯಾಪಾರ ಎನ್ನುವ ಆಧಾರದ ಮೇಲೆ ಮಾಡುವಂತಿಲ್ಲ. ಬೆಂಕಿ ಬಿದ್ದದ್ದು ನಮ್ಮದೇ ಗೋದಾಮಿಗೆ, ವಿಮೆಯಿಲ್ಲ, ಬ್ಯಾಂಕೂ ಕೈಬಿಟ್ಟಿದೆ, ಡೈರೆಕ್ಟರುಗಳು ಮುಚ್ಚಲು ತೀರ್ಮಾನಿಸಿದ್ದಾರೆ ಅಂತಿಟ್ಟುಕೊಳ್ಳಿ. ಆಗ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಮೊದಲು ಆಡಿಟರ್ ಜೊತೆ ಈ ವಿಷಯ ಕೂತು ಮಾತಾಡಿ. ಗೋದಾಮು ಸುಟ್ಟರೂ ವಿಮೆ ಹಣ ಬಂದು ವ್ಯಾಪಾರ ನಡೆಯುತ್ತದೆ ಅಂತಾದರೆ ಅದು ಮಾಮೂಲಿ ನಾನ್-ಅಡ್ಜಸ್ಟಿಂಗ್ ಘಟನೆಯೇ.

ಎಂಟ್ರಿ ಹಾಕಿ, ಟಿಪ್ಪಣಿ ಬರೆಯಿರಿ

ಮೂರೂ ತಿದ್ದುಪಡಿಗಳ ದಿನಾಂಕ 31-3-2025 ಆಗಿರಲಿ. ಟ್ಯಾಲಿಯಲ್ಲಿ ಎಂಟ್ರಿ ಹಾಕಿದ ದಿನದ ದಿನಾಂಕವನ್ನೇ ಬಿಟ್ಟು, ನಷ್ಟ ಹೊಸ ವರ್ಷಕ್ಕೆ ಹೋಗಿರುವುದನ್ನು ಬೇಕಾದಷ್ಟು ಕಡೆ ನೋಡಬಹುದು. ಲಾಭ 42 ಲಕ್ಷದಿಂದ 12.6, 3.4 ಮತ್ತು 1.5 ಲಕ್ಷ ಕಳೆದು 24.5 ಲಕ್ಷಕ್ಕೆ ಬರುತ್ತದೆ. ತೆರಿಗೆಯ ಲೆಕ್ಕವನ್ನು ಆಮೇಲೆ ಮತ್ತೆ ಮಾಡಬೇಕು.

ನಾನ್-ಅಡ್ಜಸ್ಟಿಂಗ್ ಘಟನೆಯನ್ನು ತಿಳಿಸುವಾಗ ಎರಡು ಮಾಹಿತಿ ಬೇಕೇಬೇಕು: ನಡೆದದ್ದು ಏನು, ಅದರ ಹಣಕಾಸಿನ ಪರಿಣಾಮ ಎಷ್ಟು. ಅಂದಾಜು ಸಿಗದಿದ್ದರೆ ಸಿಗುವುದಿಲ್ಲ ಅಂತಲೇ ಬರೆಯಬೇಕು. ಎರಡನೇ ಬಾಕಿಗೆ ಹೀಗೆ ಬರೆಯಬಹುದು:

"2025ರ ಮೇ 4ರಂದು ಕಂಪನಿಯ ಒಬ್ಬ ಗ್ರಾಹಕರ ಕಾರ್ಖಾನೆಗೆ ಬೆಂಕಿ ಬಿದ್ದಿದೆ. 31-3-2025ಕ್ಕೆ ಅವರಿಂದ ಬರಬೇಕಿದ್ದ ಮೊತ್ತ 9 ಲಕ್ಷ ರೂಪಾಯಿ. ಇದರಲ್ಲಿ ಅಂದಾಜು 8 ಲಕ್ಷ ರೂಪಾಯಿ ವಸೂಲಾಗುವ ಸಾಧ್ಯತೆ ಕಡಿಮೆ. ಘಟನೆ ವರ್ಷಾಂತ್ಯದ ನಂತರ ನಡೆದಿರುವುದರಿಂದ ಈ ಲೆಕ್ಕಪತ್ರಗಳಲ್ಲಿ ತಿದ್ದುಪಡಿ ಮಾಡಿಲ್ಲ."

"ಮಾರ್ಚ್ ನಂತರ ಕೆಲವು ಪ್ರತಿಕೂಲ ಬೆಳವಣಿಗೆಗಳು ನಡೆದಿವೆ" ಅಂತ ಬರೆದರೆ ಓದುವ ಬ್ಯಾಂಕ್ ಮ್ಯಾನೇಜರಿಗೆ ಏನೂ ತಿಳಿಯುವುದಿಲ್ಲ. 24.5 ಲಕ್ಷ ಲಾಭದ ಕಂಪನಿಯಲ್ಲಿ 8 ಲಕ್ಷ ದೊಡ್ಡ ಮೊತ್ತ, ಅಂಕಿಯನ್ನು ಬಿಡುವಂತಿಲ್ಲ. 1,600 ಕ್ವಿಂಟಾಲಿನ ರೇಟು ಇಳಿದದ್ದನ್ನು ನಾನಾದರೆ ಬರೆಯುವುದಿಲ್ಲ. ಧಾನ್ಯ ವ್ಯಾಪಾರದಲ್ಲಿ ಆ ಮಟ್ಟದ ಏರಿಳಿತ ಮಾಮೂಲಿ. ರೇಟು ಅರ್ಧಕ್ಕರ್ಧ ಬಿದ್ದಿದ್ದರೆ ಬರೆಯುತ್ತಿದ್ದೆ.

ಎಲ್ಲಿ ಬರೆಯಬೇಕು ಎನ್ನುವುದರಲ್ಲಿ ಎರಡು ಮಾನದಂಡಗಳಿಗೂ ವ್ಯತ್ಯಾಸ ಇದೆ. ಎಎಸ್ 4 ಇದನ್ನು ಕೇಳುವುದು ಮಂಡಳಿಯ ವರದಿಯಲ್ಲಿ. 2013ರ ಕಂಪನಿ ಕಾಯ್ದೆಯ 134ನೇ ಸೆಕ್ಷನ್ ಕೂಡ ವರ್ಷಾಂತ್ಯದ ನಂತರದ ಮಹತ್ವದ ಬದಲಾವಣೆಗಳನ್ನು ಅದೇ ವರದಿಯಲ್ಲಿ ಹೇಳಿ ಅನ್ನುತ್ತದೆ. ಇಂಡ್ ಎಎಸ್ 10 ಕೇಳುವುದು ಲೆಕ್ಕದ ಟಿಪ್ಪಣಿಯಲ್ಲಿ. ಎಎಸ್ 4ರ ಕಂಪನಿಯೂ ಟಿಪ್ಪಣಿಯಲ್ಲಿ ಸೇರಿಸಿದರೆ ತಪ್ಪೇನಿಲ್ಲ. ಎರಡೂ ಕಡೆ ಬರೆಯುವುದಾದರೆ ಅಂಕಿ ಒಂದೇ ಇರಲಿ.

ಸಹಿಗೆ ಮುಂಚಿನ ವಾರ

ಜುಲೈನಲ್ಲಿ ಮಾಡಿದ ಪಟ್ಟಿಯನ್ನೇ ಇಟ್ಟುಕೊಂಡು ಆಗಸ್ಟ್ 25ಕ್ಕೆ ಸಹಿ ಹಾಕಿಸಿದರೆ ನಡುವಿನ ಒಂದು ತಿಂಗಳು ಖಾಲಿ ಬೀಳುತ್ತದೆ. ಸಭೆಗೆ ಎರಡು ದಿನ ಮುಂಚೆ ಬ್ಯಾಂಕ್ ಸ್ಟೇಟ್‌ಮೆಂಟ್, ಬಾಕಿ ಪಟ್ಟಿ, ವಕೀಲರ ಪತ್ರ ಮತ್ತೊಮ್ಮೆ ನೋಡಿ. ಆಡಿಟರ್ ಕೂಡ ತಮ್ಮ ವರದಿಯ ದಿನದವರೆಗೆ ಇದೇ ಹುಡುಕಾಟ ಮಾಡಬೇಕು ಅಂತ ಎಸ್‌ಎ 560 ಎಂಬ ಆಡಿಟ್ ಮಾನದಂಡ ಹೇಳುತ್ತದೆ. ಅವರು ಡೈರೆಕ್ಟರುಗಳಿಂದ ಲಿಖಿತ ಹೇಳಿಕೆ ಕೇಳಿದಾಗ ನಿಮ್ಮ ಪಟ್ಟಿಯೇ ಅದಕ್ಕೆ ಆಧಾರ ಆಗುತ್ತದೆ.

ಆಗಸ್ಟ್ 25ರ ನಂತರ, ವಾರ್ಷಿಕ ಸಭೆಗೆ ಮುಂಚೆ ಇನ್ನೊಂದು ಪಾರ್ಟಿ ಮುಳುಗಿದರೆ ಎಎಸ್ 4ರ ಅವಧಿ ಆಗಲೇ ಮುಗಿದಿರುತ್ತದೆ. ಅದು 2025-26ರ ಲೆಕ್ಕಕ್ಕೆ ಹೋಗುತ್ತದೆ. ಆದರೆ ಸಹಿಯಾದ ದಿನವೇ ಇದ್ದ, ಮೊದಲೇ ಗೊತ್ತಾಗಿದ್ದರೆ ಲೆಕ್ಕವನ್ನೋ ವರದಿಯನ್ನೋ ಬದಲಿಸುವಂಥ ಸಂಗತಿ ಆಮೇಲೆ ಹೊರಬಿದ್ದರೆ, ತಕ್ಷಣ ಆಡಿಟರಿಗೆ ಫೋನ್ ಮಾಡಿ. ಲೆಕ್ಕ ತಿದ್ದಿ ಮತ್ತೆ ಮಂಡಳಿಯ ಮುಂದೆ ಇಡಬೇಕಾ ಎನ್ನುವುದನ್ನು ಅವರ ಜೊತೆ ಕೂತೇ ನಿರ್ಧರಿಸಬೇಕು.